ಗೆಳೆಯ ಕೇಳಿದ ಲೆಕ್ಕ

ಭಾನುವಾರ ಬೆಳಿಗ್ಗೆ ವಿನೋಬನಗರದ ಪೊಲೀಸ್ ಚೌಕಿ ಹತ್ತಿರ ಟೀ ಕುಡಿಯುತ್ತ ನಿಂತಿದ್ದಾಗ ಭದ್ರಾವತಿಯ ಗೆಳೆಯ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಕ್ಯಾಲ್ಕುಲೇಟರ್ ತೆರೆದಿತ್ತು. "ನೋಡು ಮಾರಾಯ, ಸ್ಟುಡಿಯೊದಲ್ಲಿ 113 ಡಾಲರ್ 60 ಸೆಂಟ್ ಅಂತ ಇದೆ. ಡಾಲರ್‌ಗೆ 86 ರೂಪಾಯಿ. ಅಲ್ಲಿಗೆ 9,769 ಆಯ್ತು. ಅರ್ಧ ಅಂದ್ರೆ 4,884. ನೀನು ಕೊಟ್ಟಿದ್ದು ಎರಡು ಸಾವಿರ."

ಅವನ ದನಿಯಲ್ಲಿ ಜಗಳ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮಿಬ್ಬರದು ಚಿಕ್ಕ ಚಾನೆಲ್. ನಾನು ಜಿಲ್ಲೆಯ ಸ್ಟ್ರಿಂಗರ್. ಪತ್ರಿಕೆಗೆ ಕಳಿಸಿ ಉಳಿದ, ಅಥವಾ ಪತ್ರಿಕೆಗೆ ಬೇಡವಾದ ಸಂಗತಿಗಳನ್ನು ವಿಡಿಯೊ ಮಾಡುತ್ತೇವೆ: ಅಡಿಕೆ ಧಾರಣೆ, ಭದ್ರಾ ಡ್ಯಾಂ ನೀರಿನ ಮಟ್ಟ, ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದ ಹಿರಿಯರ ಮಾತು. ನಾನು ಊರೂರು ತಿರುಗಿ ಚಿತ್ರೀಕರಿಸುತ್ತೇನೆ, ಅವನು ಭದ್ರಾವತಿಯ ಮನೆಯಲ್ಲಿ ಕೂತು ಎಡಿಟ್ ಮಾಡುತ್ತಾನೆ. ಬಂದದ್ದರಲ್ಲಿ ಅರ್ಧರ್ಧ ಎಂದು ಮೊದಲೇ ಮಾತಾಗಿತ್ತು. ಬರೆದುಕೊಂಡಿರಲಿಲ್ಲ. ವರ್ಷಗಟ್ಟಲೆ ಕಾದ ಮೇಲೆ ಬಂದ ಮೊದಲ ಹಣ ಅದು.

ಅದು ಬಂದು ಬಿದ್ದದ್ದು ನನ್ನ ಹಳೆಯ ಉಳಿತಾಯ ಖಾತೆಗೆ. ಪತ್ರಿಕೆಯವರು ಕೊಡುವ ಗೌರವಧನ ಬರುವುದೂ ಅಲ್ಲಿಗೇ, ಬೈಕಿನ ಕಂತು ಹೋಗುವುದೂ ಅಲ್ಲಿಂದಲೇ. 24ನೇ ತಾರೀಖು 9,095 ರೂಪಾಯಿ ಜಮಾ ಆಯಿತು. ಮಾರನೆಯ ದಿನ ಬೈಕಿನ ಕಂತು ತನ್ನಷ್ಟಕ್ಕೆ ಕಡಿತವಾಯಿತು. ಅದರ ಹಿಂದೆಯೇ ಮಗಳ ಶಾಲೆಯದು, ದಿನಸಿ, ಪೆಟ್ರೋಲು. ಗೆಳೆಯ ಬರುವ ಹೊತ್ತಿಗೆ ಖಾತೆಯಲ್ಲಿ ಉಳಿದದ್ದು 2,140. ಇದ್ದುದರಲ್ಲಿ ಎರಡು ಸಾವಿರ ಕೊಟ್ಟು, ಮಿಕ್ಕಿದ್ದು ಆಮೇಲೆ ಎಂದಿದ್ದೆ.

"ಬಂದಿದ್ದೇ 9,095 ಕಣೋ" ಎಂದೆ. "ಹಾಗಾದ್ರೆ ಉಳಿದ 674 ಎಲ್ಲಿ ಹೋಯ್ತು?" ಎಂದ. ನನಗೆ ಗೊತ್ತಿರಲಿಲ್ಲ. ಪಾಸ್‌ಬುಕ್ ತೋರಿಸೋಣವೆಂದರೆ ಅದರಲ್ಲಿ ನನ್ನ ಮನೆಯ ಬಡತನವೆಲ್ಲ ಸಾಲಾಗಿ ಅಚ್ಚಾಗಿತ್ತು, ಚಾನೆಲ್ಲಿನ ಲೆಕ್ಕ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಆ 674 ರೂಪಾಯಿ 60 ಪೈಸೆಯನ್ನು ಹುಡುಕಲು ನನಗೆ ಎರಡು ವಾರ ಹಿಡಿಯಿತು. ನಮ್ಮಲ್ಲಿ ಅನೇಕರು ಈಗ ಚಾನೆಲ್ ನಡೆಸುತ್ತಿದ್ದೀರಿ, ಕೆಲವರು ನನ್ನ ಹಾಗೆ ಜೊತೆಗಾರರನ್ನೂ ಇಟ್ಟುಕೊಂಡಿದ್ದೀರಿ. ಹಾಗಾಗಿ ಹುಡುಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಲೆಕ್ಕ ಸಲೀಸಾಗಲೆಂದು ಆವತ್ತಿನ ಡಾಲರ್ ದರವನ್ನು ಸರಿಯಾಗಿ 86 ರೂಪಾಯಿ ಎಂದೇ ಹಿಡಿಯುತ್ತೇನೆ.

ಮೊದಲ ಸೋರಿಕೆ ಹಣ ಇಂಡಿಯಾಕ್ಕೆ ಹೊರಡುವ ಮೊದಲೇ ಆಗಿತ್ತು. ಗೆಳೆಯ ನೋಡಿದ್ದು ಯೂಟ್ಯೂಬ್ ಸ್ಟುಡಿಯೊದ ಅಂದಾಜು ಆದಾಯ. ಹೆಸರೇ ಹೇಳುವಂತೆ ಅದು ಅಂದಾಜು. ಪ್ರತಿ ತಿಂಗಳ ಗಳಿಕೆ ಮುಂದಿನ ತಿಂಗಳ 7ರಿಂದ 12ನೇ ತಾರೀಖಿನೊಳಗೆ ಅಂತಿಮಗೊಂಡು ಆಡ್‌ಸೆನ್ಸ್ ಖಾತೆಗೆ ಬರುತ್ತದೆ. ಒಟ್ಟು 100 ಡಾಲರ್ ದಾಟಿದ್ದರೆ ಅದೇ ತಿಂಗಳು 21ರಿಂದ 26ರೊಳಗೆ ಬ್ಯಾಂಕಿಗೆ ಹೊರಡುತ್ತದೆ. ಹಾಗಾಗಿ ನಂಬಬೇಕಾದ್ದು ಆಡ್‌ಸೆನ್ಸಿನ ವಹಿವಾಟಿನ ಪುಟವನ್ನು. ಅದನ್ನು ತೆರೆದು ನೋಡಿದೆ. ಅಮಾನ್ಯ ಕ್ಲಿಕ್ಕುಗಳ ಬಾಬ್ತು 1.20 ಡಾಲರ್ ಕಳೆದಿತ್ತು. ಅಮೆರಿಕದ ತೆರಿಗೆ ಎಂದು 2.40 ಡಾಲರ್ ಕಳೆದಿತ್ತು. ಉಳಿದದ್ದು ಸರಿಯಾಗಿ 110.

ಅಮೆರಿಕದ ತೆರಿಗೆ ನಮಗೇಕೆ ಎಂದು ಗೆಳೆಯನೂ ಕೇಳಿದ. ಅಲ್ಲಿ ಕೂತು ನಮ್ಮ ವಿಡಿಯೊ ನೋಡುವವರಿಂದ ಬಂದ ಗಳಿಕೆಗೆ 2021ರ ಜೂನ್‌ನಿಂದ ಯೂಟ್ಯೂಬ್ ಈ ತೆರಿಗೆ ಹಿಡಿಯುತ್ತಿದೆ. ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರು ಅಡಿಕೆ ಕೊಯ್ಲಿನ ವಿಡಿಯೊ ನೋಡುತ್ತಾರಲ್ಲ, ಅವರಿಂದ ಬಂದದ್ದು 16 ಡಾಲರ್. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಅದರ 15 ಶೇಕಡಾ, ಅಂದರೆ 2.40. ಆದರೆ ಈ 15 ಸಿಗುವುದು ಆಡ್‌ಸೆನ್ಸಿನಲ್ಲಿ ತೆರಿಗೆ ಮಾಹಿತಿ, ಅಂದರೆ W-8BEN ನಮೂನೆ, ತುಂಬಿದವರಿಗೆ ಮಾತ್ರ. ತುಂಬದೆ ಬಿಟ್ಟರೆ ಅಮೆರಿಕದ ವೀಕ್ಷಕರದಷ್ಟೇ ಅಲ್ಲ, ಇಡೀ ಜಗತ್ತಿನಿಂದ ಬಂದ ಗಳಿಕೆಯ 24 ಶೇಕಡಾವರೆಗೂ ಹಿಡಿಯಬಹುದು. ನಮ್ಮ ಲೆಕ್ಕದಲ್ಲಿ ಅದು 27 ಡಾಲರ್ ಆಗುತ್ತಿತ್ತು. ಒಮ್ಮೆ ತುಂಬಿದರೆ ಶಾಶ್ವತವೂ ಅಲ್ಲ, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನಾನು ಆ ನಮೂನೆ ತುಂಬಿದ್ದು ಯಾರೋ ಹೇಳಿದರು ಅಂತ, ಏನೆಂದು ತಿಳಿದಲ್ಲ. ಅದೃಷ್ಟಕ್ಕೆ ಸರಿಯಾಗಿತ್ತು.

ಹೀಗೆ 3.60 ಡಾಲರ್, ರೂಪಾಯಿಯಲ್ಲಿ 309.60, ಸಿಕ್ಕಿತು. ಉಳಿದ 365 ರೂಪಾಯಿ ಬ್ಯಾಂಕಿನ ಹಂತದಲ್ಲಿ ಹೋಗಿರಬೇಕು. ಸೋಮವಾರ ಬ್ಯಾಂಕಿಗೆ ಹೋದೆ.

ನನ್ನ ಶಾಖೆಯಲ್ಲಿ ಹೊರದೇಶದ ಹಣ ಬರುವುದು ಅಪರೂಪ. ಕೌಂಟರಿನಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿ, "ಸಿಂಗಾಪುರದಲ್ಲಿ ನಿಮ್ಮೋರು ಯಾರಿದ್ದಾರೆ?" ಎಂದರು. ಯಾರೂ ಇಲ್ಲ ಮೇಡಂ ಎಂದೆ. ಭಾರತದ ಆಡ್‌ಸೆನ್ಸ್ ಹಣ ಬರುವುದು ಸಿಂಗಾಪುರದ ಗೂಗಲ್ ಏಷ್ಯಾ ಪೆಸಿಫಿಕ್ ಕಂಪನಿಯಿಂದ. ಹೊರಗಿನಿಂದ ಬರುವ ಪ್ರತಿ ಹಣಕ್ಕೂ ಅದು ಯಾಕೆ ಬಂತು ಎಂದು ಹೇಳುವ ಒಂದು ಪರ್ಪಸ್ ಕೋಡ್ ದಾಖಲಾಗಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನನ್ನದಕ್ಕೆ P1301 ಎಂದು ಹಾಕಿದ್ದರು. ಅದು ಹೊರದೇಶದಲ್ಲಿರುವ ಮನೆಯವರು ಸಂಸಾರಕ್ಕೆಂದು ಕಳಿಸುವ ಹಣದ ಕೋಡ್. ದಾಖಲೆ ಪ್ರಕಾರ ನಾನು ಸಿಂಗಾಪುರದ ಯಾರದೋ ದುಡ್ಡಿನಲ್ಲಿ ಸಂಸಾರ ಮಾಡುತ್ತಿದ್ದೆ!

ಇದು ನಗುವ ವಿಷಯ ಮಾತ್ರ ಅಲ್ಲ. ಚಾನೆಲ್ಲಿನ ಹಣ ದುಡಿದ ಆದಾಯ, ಅದನ್ನು ರಿಟರ್ನಿನಲ್ಲಿ ವೃತ್ತಿಯ ಆದಾಯವೆಂದು ತೋರಿಸಬೇಕು. ಮುಂದೆ ಸಾಲ ಕೇಳಿದಾಗಲೂ ಅದನ್ನು ಆದಾಯವೆಂದೇ ತೋರಿಸಬೇಕು. ಬ್ಯಾಂಕಿನ ಕಾಗದ ಸಂಸಾರದ ಹಣ ಎಂದರೆ ಎರಡೂ ಕಡೆ ತಾಳೆಯಾಗುವುದಿಲ್ಲ. ಅರ್ಜಿ ಬರೆದುಕೊಟ್ಟು, ಆಡ್‌ಸೆನ್ಸಿನ ಪಾವತಿ ರಸೀದಿ ಲಗತ್ತಿಸಿ, ಅದನ್ನು P1007ಕ್ಕೆ ಬದಲಿಸಿಕೊಂಡೆ. ಅದು ಜಾಹೀರಾತು ಸೇವೆಯ ಕೋಡ್. ಕೆಲವು ಬ್ಯಾಂಕುಗಳು ಬೇರೆ ಸೇವಾ ಕೋಡ್ ಸೂಚಿಸುವುದುಂಟು. ಯಾವುದಾದರೂ ಸೇವೆಯದ್ದೇ ಆಗಿರಲಿ, ಸಂಸಾರದ್ದಾಗಲಿ ಉಡುಗೊರೆಯದ್ದಾಗಲಿ ಬೇಡ.

ಆವತ್ತು ಕೇಳಿ ಪಡೆದ ಇನ್ನೊಂದು ಕಾಗದವೇ ನಮ್ಮ ಜಗಳ ಬಿಡಿಸಿದ್ದು. ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಎನ್ನುತ್ತಾರೆ, ಬ್ಯಾಂಕಿನವರ ಬಾಯಲ್ಲಿ ಎಫ್‌ಐಆರ್‌ಎ. ಎಷ್ಟು ಡಾಲರ್ ಬಂತು, ಯಾವ ದರಕ್ಕೆ ರೂಪಾಯಿ ಮಾಡಿದರು, ಏನೇನು ಕಳೆದರು, ಎಲ್ಲ ಒಂದೇ ಹಾಳೆಯಲ್ಲಿರುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವುದು ಕೊನೆಯ ಮೊತ್ತ ಮಾತ್ರ.

ಹಾಳೆಯಲ್ಲಿ ಹೀಗಿತ್ತು. 110 ಡಾಲರ್, ದರ 84.70, ಅಂದರೆ 9,317 ರೂಪಾಯಿ. ಹೊರಗಿನ ಹಣ ಬರಮಾಡಿಕೊಂಡ ಶುಲ್ಕ 150, ಅದರ ಮೇಲೆ ಜಿಎಸ್‌ಟಿ 27. ಕರೆನ್ಸಿ ಬದಲಿಸಿದ ಸೇವೆಗೆ ಇನ್ನೊಂದು ಜಿಎಸ್‌ಟಿ 45. ಉಳಿದದ್ದು 9,095.

ಶುಲ್ಕ ಎಂದು ಬರೆದದ್ದೆಲ್ಲ ಕೂಡಿಸಿದರೆ 222 ರೂಪಾಯಿ. ಉಳಿದ 143 ರೂಪಾಯಿಗೆ ಶುಲ್ಕವೆಂಬ ಹೆಸರೇ ಇಲ್ಲ. ಅದು ದರದೊಳಗೆ ಕೂತಿದೆ: 86 ಅಲ್ಲ, 84.70. ಡಾಲರಿಗೆ 1 ರೂಪಾಯಿ 30 ಪೈಸೆ.

ಇಲ್ಲಿ ನನಗೆ ನನ್ನ ಮೇಲೆಯೇ ನಗು ಬಂತು. ಶಿವಮೊಗ್ಗ ಎಪಿಎಂಸಿಯ ಅಡಿಕೆ ಧಾರಣೆಯನ್ನು ಪತ್ರಿಕೆಗೆ ಕಳಿಸುವವನು ನಾನು. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ ಬರೆಯುತ್ತೇನೆ. ಗರಿಷ್ಠ ಧಾರಣೆ ನೋಡಿ ಮನೆಯಲ್ಲಿ ಗುಣಿಸಿಕೊಂಡು ಬಂದ ಬೆಳೆಗಾರ ಮಂಡಿಯಲ್ಲಿ ಅಷ್ಟು ಸಿಗದಾಗ ಸಿಟ್ಟಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮೊಬೈಲಿನಲ್ಲಿ ಹುಡುಕಿದಾಗ ಕಾಣುವ ಡಾಲರ್ ದರವೂ ಅಂಥದ್ದೇ. ಅದು ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಂಡು ಮಾರುವ ಬೆಲೆಗಳ ನಡುವಿನ ಅಂಕಿ. ಆ ದರಕ್ಕೆ ನಮ್ಮ ಡಾಲರನ್ನು ಯಾರೂ ಕೊಳ್ಳುವುದಿಲ್ಲ. ಬ್ಯಾಂಕು ನಮ್ಮಿಂದ ಡಾಲರ್ ಕೊಳ್ಳುವ ಬೆಲೆಗೆ ಟಿಟಿ ಬೈಯಿಂಗ್ ರೇಟ್ ಎಂದು ಹೆಸರು. ಬ್ಯಾಂಕು ದಿನವೂ ಹೊರಡಿಸುವ ದರಪಟ್ಟಿಯಲ್ಲಿ ಆ ಕಾಲಂ ಇರುತ್ತದೆ. ಪಕ್ಕದಲ್ಲೇ ಸೆಲ್ಲಿಂಗ್ ಇರುತ್ತದೆ, ನೋಟಿನ ದರ ಬೇರೆ ಇರುತ್ತದೆ. ನಮಗೆ ಬೇಕಾದ್ದು ಟಿಟಿ ಬೈಯಿಂಗ್ ಮಾತ್ರ.

45 ರೂಪಾಯಿಯ ಜಿಎಸ್‌ಟಿಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ಗೆಳೆಯ ಅದನ್ನು ಎರಡು ಸಲ ಹಾಕಿದ್ದಾರೆ ಎಂದುಕೊಂಡಿದ್ದ. ಒಂದು, ಬ್ಯಾಂಕಿನ 150ರ ಶುಲ್ಕದ ಮೇಲೆ. ಇನ್ನೊಂದು, ಕರೆನ್ಸಿ ಬದಲಿಸಿದ್ದಕ್ಕೆ. ಎರಡನೆಯದರ ಲೆಕ್ಕ ನಿಯಮದಲ್ಲೇ ಇದೆ. ಒಂದು ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಅದರ ಒಂದು ಶೇಕಡಾವನ್ನು ಸೇವೆಯ ಮೌಲ್ಯ ಎಂದು ಹಿಡಿದು ಅದರ ಮೇಲೆ 18 ಶೇಕಡಾ ತೆರಿಗೆ ಹಾಕುತ್ತಾರೆ. ಆದರೆ ಆ ಮೌಲ್ಯ 250ಕ್ಕಿಂತ ಕಡಿಮೆ ಇರುವಂತಿಲ್ಲ. 250ರ 18 ಶೇಕಡಾ ಅಂದರೆ 45. ಹಾಗಾಗಿ ಒಂಬತ್ತು ಸಾವಿರ ಬಂದರೂ 45, ಇಪ್ಪತ್ತೈದು ಸಾವಿರ ಬಂದರೂ 45.

ಈ ಲೆಕ್ಕವೇ ನಮಗೆ ಮುಂದಿನ ದಾರಿ ತೋರಿಸಿತು. ಕಳೆಯುವುದರಲ್ಲಿ ಎರಡು ಜಾತಿ ಇದೆ. 177 ಮತ್ತು 45, ಇವು ಹಣ ಬಂದಾಗಲೆಲ್ಲ ಬೀಳುವ ಹೊಡೆತ, ಸಣ್ಣ ಮೊತ್ತಕ್ಕೆ ಜೋರು. ದರದಲ್ಲಿ ಹೋಗುವ 1 ರೂಪಾಯಿ 30 ಪೈಸೆ ಪ್ರತಿ ಡಾಲರಿಗೂ ಹೋಗುತ್ತದೆ, ಮೊತ್ತ ದೊಡ್ಡದಾದರೆ ಅದೂ ದೊಡ್ಡದಾಗುತ್ತದೆ.

ಇಂಥ ಮೂರು ಪಾವತಿ ಬೇರೆಬೇರೆಯಾಗಿ ಬಂದರೆ ಬ್ಯಾಂಕಿನ ಹಂತದಲ್ಲಿ 365ರಂತೆ 1,095 ರೂಪಾಯಿ ಹೋಗುತ್ತದೆ. ಅದೇ 330 ಡಾಲರ್ ಒಂದೇ ಸಲ ಬಂದಿದ್ದರೆ? ದರದಲ್ಲಿ 429, ಶುಲ್ಕ ಒಂದೇ ಸಲ 177, ಜಿಎಸ್‌ಟಿ 50 ರೂಪಾಯಿ ಚಿಲ್ಲರೆ. ಒಟ್ಟು 656. ಸುಮಾರು 439 ರೂಪಾಯಿ ಉಳಿತಾಯ, ಒಂದು ಮೆಮೊರಿ ಕಾರ್ಡಿನ ದುಡ್ಡು. ಆಡ್‌ಸೆನ್ಸಿನ ಪಾವತಿ ಸೆಟ್ಟಿಂಗಿನಲ್ಲಿ 100 ಡಾಲರಿನ ಮಿತಿಯನ್ನು ನಾವೇ ಮೇಲಕ್ಕೆ ಏರಿಸಿಕೊಳ್ಳಬಹುದು. ಬದಲಾವಣೆಯನ್ನು ತಿಂಗಳ 20ರೊಳಗೆ ಮಾಡಿದರೆ ಆ ತಿಂಗಳಿಂದಲೇ ಅನ್ವಯ.

ಹಾಗೆಂದು ವರ್ಷಗಟ್ಟಲೆ ಅಲ್ಲೇ ಬಿಡುವುದೂ ಜಾಣತನವಲ್ಲ. ಆ ಹೊತ್ತಿಗೆ ಡಾಲರ್ ಇಳಿದರೆ ಉಳಿಸಿದ್ದು ಹೋಗುತ್ತದೆ. ಏರಿದರೆ ಲಾಭ, ಆದರೆ ಅದು ಜೂಜು. ಅದಕ್ಕಿಂತ ಮುಖ್ಯ, ಗೆಳೆಯನ ಮನೆಗೂ ದುಡ್ಡು ಬೇಕು. ನಾವು ಮಾತಾಡಿ 200 ಡಾಲರಿಗೆ ನಿಲ್ಲಿಸಿದೆವು.

ಇನ್ನು ಬ್ಯಾಂಕು ಬದಲಿಸುವ ಮಾತು. "ಹೊರಗಿನ ಹಣಕ್ಕೆ ಶುಲ್ಕವೇ ಇಲ್ಲ" ಎನ್ನುವ ಬ್ಯಾಂಕು ಇದೆಯೆಂದು ಒಬ್ಬರು ಹೇಳಿದರು. ನಾನು ಈಗ ಶುಲ್ಕ ಕೇಳುವುದಿಲ್ಲ, ಒಂದೇ ಅಂಕಿ ನೋಡುತ್ತೇನೆ: ಖಾತೆಗೆ ಬಿದ್ದ ರೂಪಾಯಿಯನ್ನು ಆಡ್‌ಸೆನ್ಸ್ ಕಳಿಸಿದ ಡಾಲರಿನಿಂದ ಭಾಗಿಸಿದರೆ ಬರುವ ದರ. ಇದಕ್ಕೆ ನಾವಿಬ್ಬರು ಇಟ್ಟ ಹೆಸರು 'ಕೈದರ'. ನಮ್ಮ ಮೊದಲ ಪಾವತಿಯ ಕೈದರ 82.68. ಶುಲ್ಕವಿಲ್ಲದ ಬ್ಯಾಂಕು ಡಾಲರಿಗೆ 83.60 ಮಾತ್ರ ಕೊಡುತ್ತದೆ ಎಂದಿಟ್ಟುಕೊಳ್ಳಿ. 110 ಡಾಲರಿಗೆ ಅದರ ಕೈದರ 83.19, ನಮ್ಮ ಬ್ಯಾಂಕಿಗಿಂತ ವಾಸಿ. 330 ಡಾಲರಿಗೆ ಅದರದು 83.45, ನಮ್ಮದು 84.01. ಈಗ ನಮ್ಮದೇ ವಾಸಿ. ಅಂದರೆ ಯಾವ ಬ್ಯಾಂಕು ಒಳ್ಳೆಯದು ಎಂಬುದು ನಿಮಗೆ ಒಂದು ಸಲಕ್ಕೆ ಎಷ್ಟು ಬರುತ್ತದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಟಿಟಿ ಬೈಯಿಂಗ್ ದರ ಮತ್ತು ಶುಲ್ಕ ಎರಡನ್ನೂ ಒಂದೇ ದಿನ, ಎರಡೂ ಕಡೆ ಕೇಳಬೇಕು. ಮರುದಿನ ಕೇಳಿದರೆ ದರವೇ ಬದಲಾಗಿರುತ್ತದೆ.

ಇಷ್ಟು ಗೊತ್ತಾದ ಮೇಲೂ ಗೆಳೆಯನ ಬಾಕಿ 2,547.50 ನನ್ನ ಮೇಲಿತ್ತು. ಲೆಕ್ಕ ಸಿಕ್ಕಿತು, ದುಡ್ಡು ಇರಲಿಲ್ಲ. ತಪ್ಪು ಬ್ಯಾಂಕಿನದಲ್ಲ, ಗೂಗಲ್‌ನದಲ್ಲ, ಎರಡು ಹಣವನ್ನು ಒಂದೇ ಗಡಿಗೆಯಲ್ಲಿ ಹಾಕಿದ ನನ್ನದು. ಹೆಂಡತಿ ಹೇಳಿದ್ದೂ ಅದನ್ನೇ: "ರೀ, ನನಗೆ ಅದು ನಿಮ್ಮ ಫ್ರೆಂಡ್ ದುಡ್ಡು ಅಂತ ಹೇಗೆ ಗೊತ್ತಾಗ್ಬೇಕು? ಖಾತೇಲಿ ಇತ್ತು, ಫೀಸು ಕಟ್ಟಿದೆ."

ಬೇರೆ ಖಾತೆ ತೆರೆದೆ. ಚಾನೆಲ್ಲಿನ ಹೆಸರಿನಲ್ಲಿ ಕರೆಂಟ್ ಖಾತೆ ಬೇಕೆಂದರೆ ವ್ಯವಹಾರದ ದಾಖಲೆ ಕೇಳುತ್ತಾರೆ. ಉದ್ಯಮ್ ನೋಂದಣಿ ಉಚಿತವಾಗಿ ಆಗುತ್ತದೆ, ಆದರೆ ಕರೆಂಟ್ ಖಾತೆಯಲ್ಲಿ ಸಾಮಾನ್ಯವಾಗಿ ಕನಿಷ್ಠ ಬಾಕಿ ಹೆಚ್ಚು ಇಡಬೇಕು, ಬಡ್ಡಿಯೂ ಇಲ್ಲ. ನಮ್ಮಷ್ಟು ಸಣ್ಣವರಿಗೆ ಸದ್ಯಕ್ಕೆ ನನ್ನ ಹೆಸರಿನ ಎರಡನೇ ಉಳಿತಾಯ ಖಾತೆಯೇ ಸಾಕೆಂದು ನಿರ್ಧರಿಸಿದೆ. ಉಳಿತಾಯ ಖಾತೆ ವ್ಯಾಪಾರಕ್ಕಲ್ಲ ಎಂಬ ನಿಯಮವಿದೆ. ವಹಿವಾಟು ಬೆಳೆದರೆ, ಚಾನೆಲ್ಲಿನ ಹೆಸರಲ್ಲಿ ಜಾಹೀರಾತು ಬಿಲ್ ಕೊಡುವಂತಾದರೆ, ಕರೆಂಟ್ ಖಾತೆಗೆ ಹೋಗಲೇಬೇಕು. ಆಡ್‌ಸೆನ್ಸಿನಲ್ಲಿ ಹೊಸ ಖಾತೆ ಸೇರಿಸುವಾಗ ಹೆಸರು ಬ್ಯಾಂಕಿನಲ್ಲಿರುವ ಹಾಗೆಯೇ ಇರಲಿ, ಇನಿಷಿಯಲ್ ಸಮೇತ. ನಿಮ್ಮ ಶಾಖೆಗೆ ಸ್ವಿಫ್ಟ್ ಕೋಡ್ ಇಲ್ಲದಿದ್ದರೆ ಯಾವ ಶಾಖೆಯದನ್ನು ಬಳಸಬೇಕೆಂದು ಕೇಳಿ ಬರೆಸಿಕೊಳ್ಳಿ. ಅಂದಾಜಿನ ಮೇಲೆ ಹಾಕಿದರೆ ಹಣ ವಾಪಸ್ ಹೋಗಬಹುದು.

ಖಾತೆ ತೆರೆದ ಮೊದಲ ತಿಂಗಳೇ ಮತ್ತೆ ಎಡವಿದೆ. ಮೊಬೈಲಿನ ಯುಪಿಐ ಆ್ಯಪಿಗೆ ಹೊಸ ಖಾತೆಯನ್ನೂ ಜೋಡಿಸಿದ್ದೆ. ಒಂದು ಸಲ ಆಯ್ಕೆಯಾದ ಖಾತೆ ಅಲ್ಲೇ ನಿಂತು, ಟೀ, ಬಾಳೆಹಣ್ಣು, ಬಸ್ ಚಾರ್ಜು ಎಲ್ಲ ಚಾನೆಲ್ ಖಾತೆಯಿಂದ ಹೋಗಿತ್ತು. ಈಗ ಅದನ್ನು ಆ್ಯಪಿನಿಂದ ತೆಗೆದುಹಾಕಿದ್ದೇನೆ. ಆ ಖಾತೆಯಿಂದ ಹಣ ಹೋಗಬೇಕಾದರೆ ಬ್ಯಾಂಕಿನ ವೆಬ್‌ಸೈಟಿಗೆ ಹೋಗಿ, ಪಾಸ್‌ವರ್ಡ್ ಹಾಕಿ, ಯಾತಕ್ಕೆಂದು ಟೈಪ್ ಮಾಡಿ ಕಳಿಸಬೇಕು. ಆ ಎರಡು ನಿಮಿಷದ ಕಿರಿಕಿರಿಯೇ ನನಗೆ ಬೇಲಿ.

ಹಣ ಬಂದ ದಿನ ಕ್ರಮ ಹೀಗೆ. ಮೊದಲು ಚಾನೆಲ್ಲಿನ ಖರ್ಚು ತೆಗೆಯುತ್ತೇವೆ, ಮಿಕ್ಕಿದ್ದರಲ್ಲಿ ಒಂದು ಪಾಲು ತೆರಿಗೆಗೆಂದು ಖಾತೆಯಲ್ಲೇ ಬಿಡುತ್ತೇವೆ. ಉಳಿದದ್ದರಲ್ಲಿ ಅರ್ಧ ಗೆಳೆಯನ ಖಾತೆಗೆ, ಅರ್ಧ ನನ್ನ ಮನೆಯ ಖಾತೆಗೆ. ನಗದು ಕೊಡುವುದಿಲ್ಲ. ಪ್ಯಾನ್ ನನ್ನದಾದ್ದರಿಂದ ಪೂರ್ತಿ ಹಣ ಸರ್ಕಾರದ ಕಣ್ಣಿಗೆ ನನ್ನ ಆದಾಯ. ಅವನಿಗೆ ಕೊಟ್ಟದ್ದು ಎಡಿಟಿಂಗ್ ಖರ್ಚು ಎಂದು ತೋರಿಸಲು ಅವನ ಸಹಿಯ ರಸೀದಿ ಮತ್ತು ಬ್ಯಾಂಕ್ ವರ್ಗಾವಣೆ ಎರಡೂ ಬೇಕು. ಅಮೆರಿಕದಲ್ಲಿ ಹಿಡಿದ ತೆರಿಗೆಗೆ ಇಲ್ಲಿ ರಿಟರ್ನ್ ಸಲ್ಲಿಸುವಾಗ ವಿದೇಶಿ ತೆರಿಗೆಯ ವಜಾ ಕೇಳಲು ಅವಕಾಶವಿದೆ. ಅದಕ್ಕೆ ಪ್ರತ್ಯೇಕ ನಮೂನೆ ಸಲ್ಲಿಸಬೇಕು. ಗೂಗಲ್ ವರ್ಷಕ್ಕೊಮ್ಮೆ ಕೊಡುವ 1042-S ಎಂಬ ಕಾಗದ ಅದಕ್ಕೆ ಪುರಾವೆ, ಇಳಿಸಿಕೊಂಡು ಇಟ್ಟಿದ್ದೇನೆ.

ಗೆಳೆಯನ ಬಾಕಿಯನ್ನು ಪತ್ರಿಕೆಯ ಗೌರವಧನ ಬಂದ ಮೇಲೆ ತೀರಿಸಿದೆ. ಆವತ್ತು ಭದ್ರಾವತಿಗೆ ಹೋಗಿ ಅವನ ಮನೆಯ ಜಗಲಿಯಲ್ಲಿ ಕೂತು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಸಾಲು ಸಾಲಾಗಿ ಬರೆದೆವು: ಸ್ಟುಡಿಯೊ ಅಂದಾಜು, ಆಡ್‌ಸೆನ್ಸ್ ಕಳಿಸಿದ್ದು, ಬ್ಯಾಂಕಿನ ದರ, ಕಡಿತ, ಖಾತೆಗೆ ಬಿದ್ದದ್ದು, ಕೈದರ. 309.60, 143, 177, 45. ಅವನು ಮೊಬೈಲಿನಲ್ಲಿ ಕೂಡಿಸಿದ. 674.60 ಬಂತು. ಮತ್ತೊಮ್ಮೆ ಕೂಡಿಸಿದ. ಅದೇ ಬಂತು.

"ಆ ಅಮಾನ್ಯ ಕ್ಲಿಕ್ 1.20 ಯಾರು ಮಾಡಿದ್ದು?" ಎಂದ.

"ನೀನೇ ದಿನಾ ನಮ್ಮ ವಿಡಿಯೊ ಮೇಲಿನ ಜಾಹೀರಾತು ಒತ್ತಿ ನೋಡ್ತಿದ್ದೆಯಲ್ಲ" ಎಂದೆ.

ಅವನು ಏನೂ ಹೇಳದೆ ಪುಟದ ಕೆಳಗೆ ಸಹಿ ಹಾಕಿದ. ನಾನೂ ಹಾಕಿದೆ.